ಭಾವಚಿತ್ರದಲ್ಲಿ ಕಾಣುವ ಕೈಗಳ ರೀಟಚಿಂಗ್: ಎದ್ದುಹೋದ ನೈಲ್ ಪಾಲಿಶ್, ಒಣಗಿದ ಉಗುರಿನ ಬುಡ ಮತ್ತು ಬಿಸಿಲಿಗೆ ಕಂದಿದ ಬಣ್ಣವನ್ನು ಕ್ರಮವಾಗಿ ಸರಿಪಡಿಸುವ ವಿಧಾನ

ಮಂಗಳೂರು, ಉಡುಪಿ, ಕುಂದಾಪುರ ಕಡೆಯ ಸ್ಟುಡಿಯೋಗಳಿಂದ ಆಲ್ಬಮ್ ಕೆಲಸಕ್ಕೆಂದು ನನ್ನ ಬಳಿಗೆ ಬರುವ ಫೈಲ್‌ಗಳಲ್ಲಿ ಮುಖದ ಕೆಲಸ ಸಾಮಾನ್ಯವಾಗಿ ಚೆನ್ನಾಗಿಯೇ ಆಗಿರುತ್ತದೆ. ಕೆಟ್ಟಿರುವುದು ಕೈ. ಉಗುರಿನ ಬಣ್ಣ ಚರ್ಮದ ಮೇಲೆ ಹರಿದಿರುತ್ತದೆ, ಬೆರಳುಗಳು ಮೇಣದಲ್ಲಿ ಎರಕ ಹೊಯ್ದಂತೆ ನುಣುಪಾಗಿರುತ್ತವೆ, ಮಣಿಕಟ್ಟಿನ ಬಳಿ ಬೂದಿ ಬಣ್ಣದ ಪಟ್ಟಿಯೊಂದು ಉಳಿದಿರುತ್ತದೆ. ಇವು ಮೂರು ಬೇರೆ ಬೇರೆ ತಪ್ಪುಗಳಂತೆ ಕಂಡರೂ ಮೂಲ ಒಂದೇ: ಕೆಲಸದ ಕ್ರಮ ತಪ್ಪಿರುವುದು. ಮೊದಲು ಟ್ಯಾನ್ ತಿದ್ದಿ, ಅದರ ಮೇಲೆ ಉಗುರು ತಿದ್ದಿ, ಕೊನೆಯಲ್ಲಿ ಬುಡದ ಚರ್ಮಕ್ಕೆ ಕೈಹಾಕಿದರೆ ಹಿಂದಿನ ಹಂತದ ಪ್ರತಿಯೊಂದು ಬದಲಾವಣೆಯೂ ಮುಂದಿನ ಹಂತವನ್ನು ಹಾಳುಗೆಡವುತ್ತದೆ. ಆದ್ದರಿಂದ ಇಲ್ಲಿ ಒಂದೇ ಚಿತ್ರವನ್ನು ಹಿಡಿದು, ಫೋಟೋಶಾಪ್‌ನಲ್ಲಿ ಅದನ್ನು ಆರಂಭದಿಂದ ಮುದ್ರಣದವರೆಗೆ ಹೇಗೆ ಒಯ್ಯಬೇಕೆಂಬುದನ್ನು ಬರೆದಿದ್ದೇನೆ.

ಉದಾಹರಣೆಗೆ ತೆಗೆದುಕೊಂಡ ಚಿತ್ರ

ಉಡುಪಿಯ ಮನೆಯೊಂದರ ಚಾವಡಿಯಲ್ಲಿ, ಎಡಗಡೆಯ ಕಿಟಕಿಯ ಬೆಳಕಿನಲ್ಲಿ ತೆಗೆದ ನಿಶ್ಚಿತಾರ್ಥದ ಭಾವಚಿತ್ರ ಇದು. ಹುಡುಗಿ ಕೆಂಪು ಸೀರೆ ಉಟ್ಟು, ಗದ್ದದ ಕೆಳಗೆ ಬಲಗೈ ಇಟ್ಟು ಕುಳಿತಿದ್ದಾಳೆ. ದಿನವೂ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗಿಬರುವವಳಾದ್ದರಿಂದ ಕುರ್ತಾದ ತೋಳು ಮುಗಿಯುವಲ್ಲಿಂದ ಬೆರಳಿನ ತುದಿಯವರೆಗೆ ಕೈ ಕಂದಿದೆ. ತೋಳಿನೊಳಗಿದ್ದ ಮುಂಗೈ ತಿಳಿಯಾಗಿದೆ. ಉಗುರುಗಳಿಗೆ ಮರೂನ್ ಬಣ್ಣ ಹಚ್ಚಿ ನಾಲ್ಕೈದು ದಿನವಾಗಿರಬೇಕು, ಉಂಗುರ ಬೆರಳಿನ ತುದಿಯಲ್ಲಿಯೂ ಹೆಬ್ಬೆರಳಿನ ಅಂಚಿನಲ್ಲಿಯೂ ಬಣ್ಣ ಎದ್ದುಹೋಗಿದೆ. ಉಗುರುಗಳ ಬುಡದಲ್ಲಿ ಬಿಳಿ ಸಿಪ್ಪೆ ಎದ್ದಿದೆ.

ಫೈಲ್ 4000 × 6000 ಪಿಕ್ಸೆಲ್‌ನದು, 12 × 18 ಇಂಚಿನ ಆಲ್ಬಮ್ ಪುಟಕ್ಕೆ ಹೋಗುವಂಥದು. ಇದರಲ್ಲಿ ಒಂದು ಉಗುರಿನ ಅಗಲ ಸುಮಾರು 80 ಪಿಕ್ಸೆಲ್. ಆ ಗಾತ್ರದಲ್ಲಿ ಮುದ್ರಿಸಿದಾಗ ಉಗುರು 6 ಮಿಲಿಮೀಟರಿನಷ್ಟು ಅಗಲ ಬರುತ್ತದೆ. ಅರ್ಧ ಮಿಲಿಮೀಟರು ಬಣ್ಣ ಎದ್ದಿದ್ದರೂ ಕಣ್ಣಿಗೆ ಬೀಳುತ್ತದೆ, ನೀವು ಮಾಡಿದ ತಪ್ಪೂ ಅಷ್ಟೇ ಸ್ಪಷ್ಟವಾಗಿ ಬೀಳುತ್ತದೆ.

ಬೇಕಾದ ಸಲಕರಣೆಗಳು

ಒತ್ತಡವನ್ನು ಗುರುತಿಸುವ ಪೆನ್ ಟ್ಯಾಬ್ಲೆಟ್ ಇದ್ದರೆ ಒಳ್ಳೆಯದು. ಮೌಸಿನಲ್ಲೂ ಆಗುತ್ತದೆ, ಆದರೆ ಟ್ಯಾನ್‌ನ ಮಾಸ್ಕ್ ಮಾಡುವಾಗ ಇಮ್ಮಡಿ ಹೊತ್ತು ಹಿಡಿಯುತ್ತದೆ. ತಂತ್ರಾಂಶದೊಳಗೆ ಬೇಕಾಗುವುದು Pen Tool, Healing Brush, Clone Stamp, Curves ಮತ್ತು Hue/Saturation, ಇಷ್ಟೇ. Info ಪ್ಯಾನೆಲ್‌ನ ಆಯ್ಕೆಗಳಲ್ಲಿ HSB Color ಇರಿಸಿಕೊಳ್ಳಿ. ಇದರಲ್ಲಿ H ಎಂದರೆ ಬಣ್ಣದ ಛಾಯೆ, S ಎಂದರೆ ಬಣ್ಣದ ಗಾಢತೆ, B ಎಂದರೆ ಬೆಳಕಿನ ಮಟ್ಟ. Eyedropper ಉಪಕರಣದ Sample Size ಅನ್ನು 11 by 11 Average ಮಾಡಿ. ಒಂದೇ ಪಿಕ್ಸೆಲ್‌ನ ಅಂಕಿ ಚರ್ಮದ ಬಣ್ಣವನ್ನು ಹೇಳುವುದಿಲ್ಲ, ಒಂದು ರೋಮರಂಧ್ರದ ಬಣ್ಣವನ್ನು ಹೇಳುತ್ತದೆ.

ಹಂತ 1: ಲೇಯರ್‌ಗಳನ್ನು ಮೊದಲೇ ಜೋಡಿಸಿಕೊಳ್ಳುವುದು

ಕೆಳಗಿನಿಂದ ಮೇಲಕ್ಕೆ ಈ ಅನುಕ್ರಮವಿರಲಿ: ಮೂಲ ಚಿತ್ರ, ಅದರ ಮೇಲೆ ಬುಡದ ಚರ್ಮಕ್ಕೆಂದು ಅದೇ ಚಿತ್ರದ ಪ್ರತಿಯ ಲೇಯರ್, ಅದರ ಮೇಲೆ ಉಗುರಿಗೊಂದು ಖಾಲಿ ಲೇಯರ್, ಎಲ್ಲಕ್ಕಿಂತ ಮೇಲೆ ಟ್ಯಾನ್ ತಿದ್ದುವ Curves ಮತ್ತು Hue/Saturation. ಪಿಕ್ಸೆಲ್ ಬದಲಾಗುವ ಕೆಲಸ ಕೆಳಗೆ, ಬೆಳಕು ಮತ್ತು ಬಣ್ಣ ಬದಲಾಗುವ ಕೆಲಸ ಮೇಲೆ ಎಂಬುದು ಇಲ್ಲಿನ ನಿಯಮ.

Healing Brush ಮತ್ತು Clone Stamp ಎರಡರಲ್ಲೂ Sample ಎಂಬಲ್ಲಿ Current & Below ಆಯ್ದುಕೊಳ್ಳಿ. All Layers ಇಟ್ಟರೆ ಮೇಲಿರುವ ಟ್ಯಾನ್ ತಿದ್ದುಪಡಿಯೂ ಸೇರಿದ ಬಣ್ಣವೇ ಕೆಳಗಿನ ಲೇಯರಿಗೆ ಬಂದು ಕೂರುತ್ತದೆ, ಅದರ ಮೇಲೆ ಅದೇ ತಿದ್ದುಪಡಿ ಇನ್ನೊಮ್ಮೆ ಬೀಳುತ್ತದೆ. ಬ್ರಶ್ ಆಡಿಸಿದಲ್ಲೆಲ್ಲ ಅಕ್ಕಪಕ್ಕಕ್ಕಿಂತ ತಿಳಿಯಾದ ಚುಕ್ಕೆಗಳು ಕಾಣತೊಡಗಿದರೆ ಈ ತಪ್ಪಾಗಿದೆಯೆಂದು ತಿಳಿಯಬೇಕು.

ಹಂತ 2: ಉಗುರಿನ ಗಡಿಯನ್ನು ಗುರುತಿಸುವುದು

ಇಡೀ ಕೆಲಸ ನಿಂತಿರುವುದು ಈ ಹಂತದ ಮೇಲೆ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. Healing Brush ಬಣ್ಣವನ್ನು ಬೆರೆಸುವಾಗ ತಾನು ಓಡಿದ ಜಾಗದ ಸುತ್ತಲಿನ ಬಣ್ಣವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಉಗುರಿನ ಪಕ್ಕದಲ್ಲೇ ಅದನ್ನು ಓಡಿಸಿದರೆ ಮರೂನ್ ಬಣ್ಣ ಚರ್ಮದೊಳಕ್ಕೆ ಇಳಿದು, ಬೆರಳಿನ ತುದಿಗೆ ಗೋರಂಟಿ ಹಚ್ಚಿದಂತೆ ಕಲೆಯಾಗುತ್ತದೆ. ಗಡಿಯನ್ನು ಸರಿಯಾಗಿ ಅನುಸರಿಸುವ ಸೆಲೆಕ್ಷನ್ ಇದ್ದರೆ ಆಚೆಯ ಬಣ್ಣ ಈಚೆಗೆ ಬರುವುದಿಲ್ಲ.

ಚಿತ್ರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ, Pen Tool ನಲ್ಲಿ Path ಆಯ್ದು, ಒಂದೊಂದೇ ಉಗುರಿನ ಸುತ್ತ ಗೆರೆ ಎಳೆಯಿರಿ. ಒಂದು ಉಗುರಿಗೆ ಆರರಿಂದ ಎಂಟು ಬಿಂದುಗಳು ಸಾಕು. ಹೆಚ್ಚಾದಷ್ಟೂ ಅಂಚು ಗಂಟುಗಂಟಾಗುತ್ತದೆ. ಬಣ್ಣ ಎದ್ದುಹೋದಲ್ಲಿ ಉಳಿದ ಬಣ್ಣದ ಅಂಚನ್ನು ಹಿಡಿಯದೆ, ಉಗುರಿನ ನಿಜವಾದ ಅಂಚನ್ನೇ ಹಿಡಿಯಬೇಕು. ಐದೂ ಉಗುರು ಮುಗಿದ ಮೇಲೆ Paths ಪ್ಯಾನೆಲ್‌ನಲ್ಲಿ ಹೆಸರು ಕೊಟ್ಟು ಉಳಿಸಿ, Ctrl+Enter ಒತ್ತಿ ಸೆಲೆಕ್ಷನ್ ಮಾಡಿಕೊಳ್ಳಿ. Select > Modify > Feather ನಲ್ಲಿ 0.5 ಪಿಕ್ಸೆಲ್ ಕೊಟ್ಟು Select > Save Selection ಮೂಲಕ ಕಾಯ್ದಿಡಿ. ಛಾಯಾಚಿತ್ರದಲ್ಲಿ ಯಾವ ಅಂಚೂ ಬ್ಲೇಡಿನಿಂದ ಕೊಯ್ದಂತಿರುವುದಿಲ್ಲ. ಆ ಅರ್ಧ ಪಿಕ್ಸೆಲ್ ಇಲ್ಲದಿದ್ದರೆ ಉಗುರು ಅಂಟಿಸಿದ ಸ್ಟಿಕ್ಕರಿನಂತೆ ಕಾಣುತ್ತದೆ.

ಹಂತ 3: ಬುಡದ ಒಣ ಚರ್ಮ

ಕಾಯ್ದಿಟ್ಟ ಸೆಲೆಕ್ಷನ್ ತೆರೆದು Ctrl+Shift+I ಒತ್ತಿದರೆ ಉಗುರುಗಳನ್ನು ಬಿಟ್ಟು ಉಳಿದ ಭಾಗ ಆಯ್ಕೆಯಾಗುತ್ತದೆ. ಚರ್ಮದ ಲೇಯರಿನ ಮೇಲೆ ನಿಂತು Clone Stamp ತೆಗೆದುಕೊಂಡು, Mode ನಲ್ಲಿ Darken, Opacity 40 ಪ್ರತಿಶತ, ಬ್ರಶ್ ಗಾತ್ರ 8 ಪಿಕ್ಸೆಲ್ ಇಡಿ. ಎದ್ದ ಸಿಪ್ಪೆ ಸುತ್ತಲಿನ ಚರ್ಮಕ್ಕಿಂತ ಬಿಳಿಯಾಗಿರುತ್ತದೆಯಷ್ಟೆ. Darken ಇದ್ದಾಗ ತಂದ ಬಣ್ಣಕ್ಕಿಂತ ತಿಳಿಯಾದ ಪಿಕ್ಸೆಲ್ ಮಾತ್ರ ಬದಲಾಗುವುದರಿಂದ, ಸಿಪ್ಪೆ ಮಾಯವಾಗಿ ಅದರ ನಡುವಿನ ಕಪ್ಪು ಗೆರೆಗಳು, ಚರ್ಮದ ನೇಯ್ಗೆ ಹಾಗೆಯೇ ಉಳಿಯುತ್ತವೆ. Alt ಒತ್ತಿ ಮಾದರಿ ತೆಗೆದುಕೊಳ್ಳುವುದು ಅದೇ ಬೆರಳಿನಿಂದ, ಸಿಪ್ಪೆಗಿಂತ 15 ರಿಂದ 20 ಪಿಕ್ಸೆಲ್ ಮೇಲಿನಿಂದ ಇರಲಿ.

ಇಲ್ಲಿ ಒಂದು ಎಚ್ಚರ ಬೇಕು. ಉಗುರಿನ ಬುಡದ ಮಡಿಕೆಯ ಮೇಲೆ ಬೆಳಕು ಬಿದ್ದು ಹೊಳೆಯುವ ಜಾಗವೂ ಬೆಳ್ಳಗೇ ಇರುತ್ತದೆ, Darken ಅದನ್ನೂ ನುಂಗಿಬಿಡುತ್ತದೆ. ಎರಡರ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಹೊಳಪು ಎಲ್ಲ ಬೆರಳುಗಳಲ್ಲಿಯೂ ಒಂದೇ ದಿಕ್ಕಿನಲ್ಲಿ, ಈ ಚಿತ್ರದಲ್ಲಿ ಕಿಟಕಿಯ ಕಡೆಗೆ, ಮೃದುವಾದ ಅಂಚಿನೊಂದಿಗೆ ಇರುತ್ತದೆ; ಸಿಪ್ಪೆಯ ಅಂಚು ಹರಕಲಾಗಿದ್ದು ಒಂದೊಂದು ಬೆರಳಿನಲ್ಲಿ ಒಂದೊಂದು ಕಡೆ ಇರುತ್ತದೆ. ಹೊಳಪು ಹೋದರೆ ಬೆರಳಿನ ತುದಿ ಚಪ್ಪಟೆಯಾಗುತ್ತದೆ.

ಕಿತ್ತುಬಂದ ಚರ್ಮದ ತುಂಡಿಗೆ ಮಾತ್ರ ಇದು ಸಾಲದು, ಏಕೆಂದರೆ ಅದಕ್ಕೆ ತನ್ನದೇ ನೆರಳೂ ಇರುತ್ತದೆ. ಅಲ್ಲಿ ಸೆಲೆಕ್ಷನ್ ಹಾಗೆಯೇ ಇಟ್ಟುಕೊಂಡು Healing Brush ಅನ್ನು Normal ನಲ್ಲಿ, ಚಿಕ್ಕ ಚಿಕ್ಕ ಚುಕ್ಕೆಗಳಾಗಿ ಒತ್ತಿ. ಉಗುರಿಗೂ ಚರ್ಮಕ್ಕೂ ನಡುವಿನ ಕೂದಲೆಳೆಯಷ್ಟು ನೆರಳಿನ ಗೆರೆಯನ್ನು ಮುಟ್ಟಬೇಡಿ. ಉಗುರು ಚರ್ಮದೊಳಗಿನಿಂದ ಬಂದಿದೆಯೆಂದು ಕಣ್ಣಿಗೆ ಹೇಳುವುದೇ ಆ ಗೆರೆ.

ಹಂತ 4: ಎದ್ದುಹೋದ ನೈಲ್ ಪಾಲಿಶ್

ಈಗ ಸೆಲೆಕ್ಷನ್ ಅನ್ನು ಮತ್ತೆ ತಿರುಗಿಸಿ, ಉಗುರು ಮಾತ್ರ ಆಯ್ಕೆಯಾಗಿರುವಂತೆ ಮಾಡಿಕೊಂಡು ಉಗುರಿನ ಲೇಯರಿಗೆ ಬನ್ನಿ.

ಅನೇಕರು ಇಲ್ಲಿ ಮರೂನ್ ಬಣ್ಣವನ್ನು ಆಯ್ದು, ಬ್ರಶ್ಶನ್ನು Color ಮೋಡ್‌ಗೆ ಹಾಕಿ ಬರಿದಾದ ಜಾಗಕ್ಕೆ ಬಳಿಯುತ್ತಾರೆ. ಇದು ಏಕೆ ಕೆಲಸ ಮಾಡುವುದಿಲ್ಲವೆಂಬುದನ್ನು ಅಂಕಿಗಳಲ್ಲಿಯೇ ನೋಡಬಹುದು. ಈ ಚಿತ್ರದಲ್ಲಿ ಪಾಲಿಶ್‌ನ ಬೆಳಕಿನ ಮಟ್ಟ, ಎಂದರೆ Info ಪ್ಯಾನೆಲ್‌ನ B, 40. ಬರಿಯ ಉಗುರಿನದು 80. Color ಮೋಡ್ ಬಣ್ಣವನ್ನು ಮಾತ್ರ ಬದಲಿಸಿ ಬೆಳಕನ್ನು ಹಾಗೆಯೇ ಬಿಡುತ್ತದೆ. ಪರಿಣಾಮವಾಗಿ ಮರೂನ್ ಬರುವುದಿಲ್ಲ, ಎಳೆ ಗುಲಾಬಿಯ ತೇಪೆಯೊಂದು ಬರುತ್ತದೆ. Normal ನಲ್ಲಿ ಬಳಿದರೆ ಬೆಳಕು ಸರಿಹೋಗುತ್ತದೆ, ಆದರೆ ಚಿತ್ರದ ಸಹಜ ಕಾಳು, ಎಂದರೆ ಗ್ರೇನ್, ಹೊರಟುಹೋಗಿ ಬಣ್ಣದ ಕಾಗದ ಮೆತ್ತಿದಂತಾಗುತ್ತದೆ.

ಸರಿಯಾದ ದಾರಿ, ಇರುವ ಪಾಲಿಶ್ಶನ್ನೇ Clone Stamp ನಿಂದ ತರುವುದು. Mode ಅನ್ನು Normal ಗೆ, Opacity ಯನ್ನು 100 ಕ್ಕೆ ತಿರುಗಿಸಿಕೊಳ್ಳಿ. ಹಿಂದಿನ ಹಂತದ Darken ಉಳಿದುಬಿಟ್ಟು ಹೊಳಪಿನ ಗೆರೆ ಬಾರದೆ ತಲೆಕೆಡಿಸಿಕೊಂಡವರು ಹಲವರಿದ್ದಾರೆ. ಉಗುರು ಅಡ್ಡಕ್ಕೆ ಬಾಗಿರುವ ಮೇಲ್ಮೈಯಾದ್ದರಿಂದ ಬೆಳಕು ಎಡದಿಂದ ಬಲಕ್ಕೆ ಹೋದಂತೆ ಬೇಗ ಬೇಗ ಬದಲಾಗುತ್ತದೆ. ಬುಡದಿಂದ ತುದಿಗೆ ಹೋದಂತೆ ಅಷ್ಟಾಗಿ ಬದಲಾಗುವುದಿಲ್ಲ. ಹೊಳಪಿನ ಗೆರೆಯೂ ಉದ್ದಕ್ಕೇ ಇರುತ್ತದೆ. ಆದ್ದರಿಂದ ಮಾದರಿಯನ್ನು ಪಕ್ಕದಿಂದ ತೆಗೆಯಬಾರದು, ಬರಿದಾದ ಜಾಗದ ನೇರ ಹಿಂದಿನಿಂದ, ಉಗುರಿನ ಉದ್ದದ ಗುಂಟ ತೆಗೆಯಬೇಕು. ಉಂಗುರ ಬೆರಳಿನಲ್ಲಿ ತುದಿಯ ಸುಮಾರು 20 ಪಿಕ್ಸೆಲ್ ಬರಿದಾಗಿತ್ತು. ಅದಕ್ಕೆ 30 ಪಿಕ್ಸೆಲ್ ಹಿಂದಿನಿಂದ ಮಾದರಿ ತೆಗೆದು, Aligned ಗುರುತು ಹಾಕಿಕೊಂಡು, 12 ಪಿಕ್ಸೆಲ್‌ನ ಬ್ರಶ್ಶನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನವಾಗಿ ಓಡಿಸಿದಾಗ ಹೊಳಪಿನ ಗೆರೆ ತಾನಾಗಿಯೇ ತುದಿಯವರೆಗೆ ಮುಂದುವರಿಯಿತು.

ಇಷ್ಟಕ್ಕೆ ನಿಲ್ಲಿಸಿದರೆ ಉಗುರಿನ ತುದಿಗೆ ದಪ್ಪವೇ ಇರುವುದಿಲ್ಲ. ಪಾಲಿಶ್ ಸರಿಯಾಗಿರುವ ನಡುಬೆರಳಿನ ತುದಿಯನ್ನು ಹಿಗ್ಗಿಸಿ ನೋಡಿದರೆ ಒಂದೆರಡು ಪಿಕ್ಸೆಲ್ ಅಗಲದ, ಉಳಿದದ್ದಕ್ಕಿಂತ ಗಾಢವಾದ ಅಂಚು ಕಾಣುತ್ತದೆ. ಅದನ್ನೂ 3 ಪಿಕ್ಸೆಲ್ ಬ್ರಶ್‌ನಿಂದ ತಂದು ಕೂಡಿಸಬೇಕು. ಈ ಒಂದು ಗೆರೆಗೆ ನಾನು ಉಳಿದ ಉಗುರಿಗಿಂತ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಮುದ್ರಣದಲ್ಲಿ ಮೊದಲು ಮೋಸ ಬಯಲಾಗುವುದು ಇಲ್ಲಿಯೇ.

ಉಗುರಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬಣ್ಣ ಹೋಗಿದ್ದರೆ ಕ್ಲೋನ್ ಮಾಡಲು ಸಾಮಗ್ರಿಯೇ ಇರುವುದಿಲ್ಲ. ಆಗ ಚರ್ಮದ ಲೇಯರಿಗೆ ಹೋಗಿ, ಪಕ್ಕದ ಒಳ್ಳೆಯ ಉಗುರನ್ನು ಮಾತ್ರ ಆಯ್ದು Ctrl+J ಯಿಂದ ಪ್ರತಿ ತೆಗೆದು, Ctrl+T ಯಲ್ಲಿ ತಿರುಗಿಸಿ, Warp ನಿಂದ ಗಡಿಗೆ ಹೊಂದಿಸಿ. Flip Horizontal ಮಾತ್ರ ಮಾಡಬೇಡಿ. ಹೊಳಪು ಆಚೆ ಬದಿಗೆ ಹೋಗಿ, ಒಂದು ಬೆರಳಿಗೆ ಬೇರೊಂದು ಕಿಟಕಿಯಿಂದ ಬೆಳಕು ಬಿದ್ದಂತಾಗುತ್ತದೆ. ಹೆಬ್ಬೆರಳಿಗೆ ಈ ಉಪಾಯ ನಡೆಯುವುದಿಲ್ಲ. ಅದರ ಉಗುರು ಅಗಲ, ಅದು ಕ್ಯಾಮೆರಾಕ್ಕೆ ತಿರುಗಿರುವ ಕೋನವೂ ಬೇರೆ. ಅದೇ ದಿನದ, ಅದೇ ಬೆಳಕಿನ ಇನ್ನೊಂದು ಫ್ರೇಮಿನಲ್ಲಿ ಹೆಬ್ಬೆರಳು ಚೆನ್ನಾಗಿ ಬಂದಿದೆಯೇ ಎಂದು ಹುಡುಕುವುದೇ ಮೇಲು. ಈ ಚಿತ್ರದಲ್ಲಿ ಹೆಬ್ಬೆರಳಿನ ಅಂಚು ಮಾತ್ರ ಹೋಗಿದ್ದರಿಂದ ಕ್ಲೋನ್‌ನಲ್ಲಿಯೇ ಮುಗಿಯಿತು.

ಉಗುರು ಬೆಳೆದು ಬುಡದಲ್ಲಿ ಬಣ್ಣವಿಲ್ಲದ ತೆಳುವಾದ ಅರ್ಧಚಂದ್ರ ಕಾಣುತ್ತಿದ್ದರೆ ಅದನ್ನು ಪೂರ್ತಿ ಮುಚ್ಚಬೇಡಿ. ನಾಲ್ಕೈದು ಪಿಕ್ಸೆಲ್ ಬಿಟ್ಟರೆ ಅದು ಕೈಯಿಂದ ಹಚ್ಚಿದ ಬಣ್ಣವಾಗಿ ಉಳಿಯುತ್ತದೆ.

ಹಂತ 5: ಕಂದಿದ ಬಣ್ಣವನ್ನು ಸಮಗೊಳಿಸುವುದು

ಈ ಹುಡುಗಿಯ ತಾಯಿ ಫೈಲ್ ಕೊಡುವಾಗ, "ಮುಖದಷ್ಟೇ ಬೆಳ್ಳಗೆ ಮಾಡಿ ಕೊಡಿ ಆಯ್ತಾ" ಎಂದು ಹೇಳಿ ಕಳುಹಿಸಿದ್ದರು. ಮುಖಕ್ಕೆ ಮೇಕಪ್ ಇತ್ತು, ಕೈಗೆ ಇರಲಿಲ್ಲ. ಮೇಕಪ್ಪಿನ ಬಣ್ಣಕ್ಕೆ ಕೈಯನ್ನು ಹೊಂದಿಸಿದರೆ ಅದು ಯಾರದೋ ಕೈಯಾಗುತ್ತದೆ. ಹೊಂದಿಸಬೇಕಾದದ್ದು ಅವಳದೇ ಮುಂಗೈಯ ಬಣ್ಣಕ್ಕೆ, ಅದೂ ಪೂರ್ತಿಯಾಗಿ ಅಲ್ಲ. ತೆಗೆಯಬೇಕಾದದ್ದು ಮೆಟ್ಟಿಲಿನಂತೆ ಕಾಣುವ ಗೆರೆಯನ್ನು, ಮೈಬಣ್ಣವನ್ನಲ್ಲ. ಹೀಗೆಂದು ಅವರಿಗೆ ಹೇಳಿದ್ದೆ, ಚಿತ್ರ ನೋಡಿದ ಮೇಲೆ ಅವರೂ ಒಪ್ಪಿದರು.

ಮೊದಲು ಅಳತೆ. ಬೆಳಕು ಸಮನಾಗಿ ಬಿದ್ದಿರುವ ಎರಡು ಜಾಗಗಳನ್ನು, ಒಂದನ್ನು ಮುಂಗೈಯಲ್ಲಿ, ಇನ್ನೊಂದನ್ನು ಕೈಯ ಹಿಂಬದಿಯಲ್ಲಿ, Color Sampler ನಿಂದ ಗುರುತಿಸಿ. ಸಿಕ್ಕ ಅಂಕಿಗಳು ಹೀಗಿದ್ದವು:

ಮುಂಗೈ: H 22, S 42, B 74
ಕೈಯ ಹಿಂಬದಿ: H 19, S 52, B 58

B ಯಲ್ಲಿ 16 ರ ವ್ಯತ್ಯಾಸವಿದೆ. ಅದರ ಮೂರರಲ್ಲಿ ಎರಡು ಪಾಲನ್ನು ಮಾತ್ರ ತುಂಬಿ, 69 ರ ಹತ್ತಿರಕ್ಕೆ ತರುವುದು ಗುರಿ.

ಕೈ ಕಪ್ಪಾಗಿಯೂ ಕೆಂಪಾಗಿಯೂ ಕಾಣುವುದರಿಂದ ಹಲವರು Curves ನಲ್ಲಿ ಬೆಳಕು ಏರಿಸುವ ಜೊತೆಯಲ್ಲೇ Saturation ಅನ್ನೂ ಹತ್ತು ಹದಿನೈದು ಇಳಿಸುತ್ತಾರೆ. ಬೂದಿ ಬಡಿದ ಕೈ ಹುಟ್ಟುವುದು ಇಲ್ಲಿ. ಒಂದು Curves ಲೇಯರ್ ಹಾಕಿ, ಅದರ ಮೋಡ್ ಅನ್ನು Luminosity ಮಾಡಿ, Input 108, Output 136 ಇರುವ ಒಂದು ಬಿಂದುವನ್ನಷ್ಟೇ ಎತ್ತಿ ನೋಡಿ. ಕೈಯ ಹಿಂಬದಿಯ ಅಂಕಿ ಹೆಚ್ಚುಕಡಿಮೆ H 19, S 44, B 69 ಆಗುತ್ತದೆ. S ಅನ್ನು ನಾವು ಮುಟ್ಟಲೇ ಇಲ್ಲ, ಆದರೂ ಅದು 52 ರಿಂದ 44 ಕ್ಕೆ ಇಳಿದಿದೆ. ಬಣ್ಣದ ಪ್ರಮಾಣ ಅಷ್ಟೇ ಇದ್ದು ಬೆಳಕು ಮಾತ್ರ ಏರಿದಾಗ ಈ ಅಂಕಿ ತಾನಾಗಿಯೇ ಇಳಿಯುತ್ತದೆ. ಇನ್ನೂ ಇಳಿಸಿದರೆ ಮುಂಗೈಗಿಂತಲೂ ಪೇಲವವಾಗುತ್ತದೆ. ಆದ್ದರಿಂದ ಬೆಳಕು ಮೊದಲು, ಆಮೇಲೆ ಅಂಕಿ ಓದುವುದು, ಬಣ್ಣ ಕೊನೆಗೆ. ಇಲ್ಲಿ ಉಳಿದದ್ದು H ಒಂದೇ. ಮೇಲೊಂದು Hue/Saturation ಹಾಕಿ Hue ಅನ್ನು +2 ಮಾಡಿದರೆ ಸಾಕಾಯಿತು.

ಎರಡೂ ಲೇಯರ್‌ಗಳನ್ನು ಒಂದೇ ಗ್ರೂಪಿನಲ್ಲಿಟ್ಟು, Alt ಒತ್ತಿ ಮಾಸ್ಕ್ ಚಿಹ್ನೆಯನ್ನು ಕ್ಲಿಕ್ ಮಾಡಿದರೆ ಗ್ರೂಪಿಗೆ ಕಪ್ಪು ಮಾಸ್ಕ್ ಬರುತ್ತದೆ. ಬಿಳಿ ಬಣ್ಣದ ಮೃದು ಬ್ರಶ್‌ನಿಂದ, Flow 10 ಪ್ರತಿಶತದಲ್ಲಿ, ಕಂದಿದ ಭಾಗವನ್ನು ತೆರೆಯುತ್ತ ಹೋಗಿ. ಹಿಂಬದಿಗೆ ದೊಡ್ಡ ಬ್ರಶ್ ಇರಲಿ. ಮಣಿಕಟ್ಟಿನ ಗಡಿಗೆ ಬಂದಾಗ, ಕಂದಿದ್ದು ತಿಳಿಯಾಗುವ ಪಟ್ಟಿ ಎಷ್ಟು ಅಗಲವಿದೆಯೋ ಸುಮಾರು ಅಷ್ಟೇ ಅಗಲದ ಬ್ರಶ್ ತೆಗೆದುಕೊಳ್ಳಿ. ಅದಕ್ಕಿಂತ ದೊಡ್ಡದಾದರೆ ತಿದ್ದುಪಡಿ ಮುಂಗೈಯ ಮೇಲೂ ಬಿದ್ದು, ಗಡಿಯುದ್ದಕ್ಕೂ ಬಳೆಯಂತೆ ಬಿಳಿ ಗೆರೆ ಏಳುತ್ತದೆ. ಹಾಗಾದಾಗ ಗಾಬರಿಯಿಂದ ಇನ್ನೊಂದು Curves ಹಾಕುವ ಬದಲು, ಮಾಸ್ಕಿನಲ್ಲೇ ಕಪ್ಪು ಬಣ್ಣದಿಂದ ಹಿಂದಕ್ಕೆ ಒತ್ತಿ.

ಎಲ್ಲ ಕಪ್ಪೂ ಟ್ಯಾನ್ ಅಲ್ಲವೆಂಬುದನ್ನು ನೆನಪಿಡಬೇಕು. ಬೆರಳಿನ ಗೆಣ್ಣುಗಳು ಸಹಜವಾಗಿಯೇ ಗಾಢವಾಗಿರುತ್ತವೆ, ಅಂಗೈ ಸಹಜವಾಗಿಯೇ ತಿಳಿಯಾಗಿರುತ್ತದೆ. ಎರಡನ್ನೂ ಸಮ ಮಾಡಲು ಹೋದರೆ ಕೈಗವಸು ತೊಟ್ಟಂತಾಗುತ್ತದೆ. ಗೆಣ್ಣುಗಳ ಮೇಲೆ ಮಾಸ್ಕ್ ಅರ್ಧದಷ್ಟೇ ತೆರೆದರೆ ಸಾಕು. ಕಿಟಕಿಯಿಂದ ದೂರವಿರುವ ಕಿರುಬೆರಳಿನ ಬದಿ ನೆರಳಿನಲ್ಲಿದೆ, ಅದನ್ನು ಬಿಡಿ. ಮಣಿಕಟ್ಟಿನ ಕೆಳಬದಿಯಲ್ಲಿ ಕಾಣುವ ಕೆಂಪು, ಸೀರೆಯಿಂದ ಚಿಮ್ಮಿ ಬಂದ ಬಣ್ಣ. ಅದನ್ನು ತಿಳಿಗೊಳಿಸಿದರೆ ಗುಲಾಬಿಯಾಗುತ್ತದೆಯೇ ಹೊರತು ಸರಿಯಾಗುವುದಿಲ್ಲ. ತೀರ ಹೆಚ್ಚಾಗಿದ್ದರೆ ಪಕ್ಕದ ಚರ್ಮದ ಬಣ್ಣವನ್ನು Color ಮೋಡ್‌ನಲ್ಲಿರುವ ಹೊಸ ಲೇಯರಿನ ಮೇಲೆ 10 ಪ್ರತಿಶತದಷ್ಟು ತೆಳುವಾಗಿ ಸವರಬಹುದು. ಉಂಗುರ, ಬಳೆ ಮತ್ತು ಈಗಷ್ಟೇ ಮುಗಿಸಿದ ಉಗುರುಗಳನ್ನು ಮಾಸ್ಕಿನಿಂದ ಹೊರಗಿಡಿ. ಹಂತ 2 ರಲ್ಲಿ ಕಾಯ್ದಿಟ್ಟ ಸೆಲೆಕ್ಷನ್ ಅನ್ನು ತೆರೆದು ಮಾಸ್ಕಿನಲ್ಲಿ ಕಪ್ಪು ತುಂಬಿದರೆ ಉಗುರುಗಳ ಮರೂನ್ ಮೊದಲಿನಂತೆಯೇ ನಿಲ್ಲುತ್ತದೆ.

ಹಂತ 6: ಪರೀಕ್ಷೆ

ಎಲ್ಲಕ್ಕಿಂತ ಮೇಲೆ ತಾತ್ಕಾಲಿಕವಾಗಿ ಒಂದು Black & White ಲೇಯರ್ ಹಾಕಿ. ಬಣ್ಣ ಹೋದ ಕೂಡಲೇ ಬೆಳಕಿನಲ್ಲಿ ಉಳಿದ ಮೆಟ್ಟಿಲು, ಮಾಸ್ಕ್ ದಾಟಿ ಬಂದ ಬಿಳಿ ಗೆರೆ, ಉಗುರಿನ ತೇಪೆ ಎಲ್ಲ ಎದ್ದು ಕಾಣುತ್ತವೆ. ಅದನ್ನು ಮುಚ್ಚಿ, Saturation ಅನ್ನು +60 ಕ್ಕೆ ಏರಿಸಿದ ಇನ್ನೊಂದು ಲೇಯರ್ ಹಾಕಿ ನೋಡಿದರೆ ಬಣ್ಣದ ತಪ್ಪುಗಳು ಕಾಣುತ್ತವೆ: ಉಗುರಿನ ಸುತ್ತ ಹರಿದ ಮರೂನ್, ಮಣಿಕಟ್ಟಿನಲ್ಲಿ ಬಣ್ಣ ಸತ್ತ ಪಟ್ಟಿ. ನೋಡಿದ ಮೇಲೆ ಎರಡನ್ನೂ ಅಳಿಸಲು ಮರೆಯಬೇಡಿ.

ನಂತರ ಇಡೀ ಚಿತ್ರ ಪರದೆಯಲ್ಲಿ ಕಾಣುವಂತೆ ಕುಗ್ಗಿಸಿ, ಮುಖವನ್ನು ನೋಡಿ. ಕಣ್ಣು ಮುಖದಿಂದ ಜಾರಿ ಕೈಗೆ ಹೋಗುತ್ತಿದ್ದರೆ ಕೈ ಹೆಚ್ಚು ಬೆಳಗಿದೆಯೆಂದು ಅರ್ಥ. ಟ್ಯಾನ್ ಗ್ರೂಪಿನ Opacity ಯನ್ನು 100 ರಿಂದ 80 ಕ್ಕೆ ಇಳಿಸಿ ನೋಡಿ. ಈ ಚಿತ್ರದಲ್ಲಿ ಕೊನೆಗೆ 85 ರಲ್ಲಿ ನಿಂತಿತು. ಆಲ್ಬಮ್ಮಿಗೆ ಕಳುಹಿಸುವ ಮುನ್ನ ಕೈ ಮತ್ತು ಗದ್ದ ಎರಡೂ ಬರುವಂತೆ 4 × 6 ಇಂಚಿನಷ್ಟು ಭಾಗವನ್ನು, ಗಾತ್ರ ಬದಲಿಸದೆ, ಅದೇ ಲ್ಯಾಬಿನಲ್ಲಿ ಒಂದು ಪ್ರತಿ ಹಾಕಿಸಿ ಹಗಲಿನ ಬೆಳಕಿನಲ್ಲಿ ನೋಡಿ. ಪರದೆಯಲ್ಲಿ ಸರಿಯಿದ್ದ ಮರೂನ್ ಕಾಗದದಲ್ಲಿ ಕಪ್ಪಿಗೆ ತಿರುಗಿ ಹೊಳಪಿನ ಗೆರೆ ಮಾತ್ರ ಉಳಿದಿದ್ದರೆ, ಉಗುರಿನ ಸೆಲೆಕ್ಷನ್ ತೆರೆದು ಪ್ರತ್ಯೇಕ Curves ನಲ್ಲಿ ಆರೇಳು ಅಂಕ ಮೇಲೆತ್ತಿ, ಅದೇ ತುಂಡನ್ನು ಇನ್ನೊಮ್ಮೆ ಮುದ್ರಿಸಿ ನೋಡಿದ ಮೇಲೆಯೇ ಫೈಲ್ ಕಳುಹಿಸಿ.